ಸೆನ್ಸರ್‌ಗೆ ಯಾವ ಪೋರ್ಟ್ ಮಿರರ್ ಮಾಡಬೇಕು? ಮೂರು ಕಡೆ ಹಾಕಿ ನೋಡಿದ ಮೇಲೆ

ಬದಿಯಡ್ಕದ ನಮ್ಮ ಆಫೀಸಿಗೆ ಬೇರೆ ಪೋರ್ಟ್‌ಗಳ ಪ್ಯಾಕೆಟ್‌ಗಳನ್ನು ನಕಲು ಮಾಡಿ ಕೊಡುವ ಮಿರರ್ ಪೋರ್ಟ್ ಇರುವ ಗಿಗಾಬಿಟ್ ಸ್ವಿಚ್ ತಂದೆವು. ಹಳೆಯ ಪಿಸಿಗೆ ನೆಟ್‌ವರ್ಕಿನ ಓಡಾಟ ಗಮನಿಸಿ ಲಾಗ್ ಬರೆಯುವ ಝೀಕ್ ಹಾಕಿ ಅದನ್ನೇ ಸೆನ್ಸರ್ ಮಾಡಿದೆ. ಮೂರು ಕಡೆ ಹಾಕಿ ನೋಡಿದ್ದೇನೆ. ನನಗೆ ಹಿಡಿಸಿದ್ದು ಫೈರ್‌ವಾಲ್‌ನಿಂದ ಸ್ವಿಚ್‌ಗೆ ಬರುವ ಒಳಬದಿಯ ಪೋರ್ಟ್.

ಫೈರ್‌ವಾಲ್‌ನ ಹೊರಬದಿ ಬೇಡವೇ ಬೇಡ. ಅಲ್ಲಿ ನ್ಯಾಟ್ ಆಗಿಬಿಟ್ಟಿರುತ್ತದೆ, ಇಡೀ ಆಫೀಸು ಒಂದೇ ಐಪಿ. ಎಚ್ಚರಿಕೆ ಬಂದರೂ ಯಾವ ಪಿಸಿ ಅಂತ ಗೊತ್ತಾಗುವುದಿಲ್ಲ.

ಇನ್ನು ಎಲ್ಲ ಪೋರ್ಟ್‌ಗಳನ್ನೂ ಮಿರರ್ ಮಾಡುವುದು. ಕೇಳಲು ಚೆಂದ, ಏನೂ ತಪ್ಪಿಹೋಗುವುದಿಲ್ಲ ಅಲ್ವಾ? ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಪಿಸಿಯಿಂದ ನ್ಯಾಸ್‌ಗೆ ಬ್ಯಾಕಪ್ ಹೋಗುತ್ತಿದೆ ಅನ್ನಿ. ಅದೇ ಪ್ಯಾಕೆಟ್ ಪಿಸಿಯ ಪೋರ್ಟಿನಲ್ಲಿ ಒಳಗೆ ಬರುವಾಗ ಒಂದು ಪ್ರತಿ, ನ್ಯಾಸ್ ಪೋರ್ಟಿನಿಂದ ಹೊರಗೆ ಹೋಗುವಾಗ ಇನ್ನೊಂದು ಪ್ರತಿ. ಬ್ಯಾಕಪ್ 600 ಎಂಬಿಪಿಎಸ್‌ನಲ್ಲಿ ಓಡಿದರೆ ಮಿರರ್ ಪೋರ್ಟ್‌ಗೆ 1200 ಬೀಳುತ್ತದೆ. ಆ ಪೋರ್ಟ್ ಹೊರುವುದು 1000 ಮಾತ್ರ. ಮಿಕ್ಕಿದ್ದನ್ನು ಸ್ವಿಚ್ ಸದ್ದಿಲ್ಲದೆ ಬಿಸಾಡುತ್ತದೆ. ಬಿಸಾಡುವಾಗ ಬ್ಯಾಕಪ್ ಯಾವುದು, ಬೇಕಾದದ್ದು ಯಾವುದು ಅಂತ ಅದು ನೋಡುವುದಿಲ್ಲ.

ಸೆನ್ಸರ್‌ನಲ್ಲಿ ಕರ್ನಲ್ ಡ್ರಾಪ್, ಅಂದರೆ ಅಲ್ಲಿಗೆ ತಲುಪಿದ ಮೇಲೆ ಬಿಟ್ಟುಹೋದ ಪ್ಯಾಕೆಟ್‌ಗಳ ಲೆಕ್ಕ ನೋಡಿದರೆ ಸೊನ್ನೆ. ಯಾಕೆಂದರೆ ಕಳೆದುಹೋದ ಪ್ಯಾಕೆಟ್ ಸೆನ್ಸರ್‌ವರೆಗೆ ಬಂದೇ ಇಲ್ಲ. ಸೆನ್ಸರ್‌ನಲ್ಲಿ ಫಿಲ್ಟರ್ ಹಾಕಿ ಬ್ಯಾಕಪ್ ಬಿಟ್ಟರೂ ಉಪಯೋಗವಿಲ್ಲ, ನಷ್ಟ ಆಗುವುದು ಅದಕ್ಕಿಂತ ಮೊದಲೇ. ಇದನ್ನು ಹಿಡಿದುಕೊಟ್ಟದ್ದು `local.zeek` ಫೈಲಿನ ಈ ಒಂದು ಸಾಲು:

```
@load misc/capture-loss
```

ಟಿಸಿಪಿಯಲ್ಲಿ ಡೇಟಾ ಸಿಕ್ಕಿತು ಅಂತ ಉತ್ತರ ಕಂಡು, ಆ ಡೇಟಾವೇ ಕಾಣದಿದ್ದರೆ ಝೀಕ್ ಅದನ್ನು ನಷ್ಟ ಅಂತ ಎಣಿಸಿ `capture_loss.log`ನಲ್ಲಿ ಬರೆಯುತ್ತದೆ. ಬ್ಯಾಕಪ್ ಹೊತ್ತಿಗೆ ಸರಿಯಾಗಿ `percent_lost` ಏರುತ್ತಿತ್ತು. ಎಲ್ಲ ಪೋರ್ಟ್‌ಗಳಲ್ಲೂ ಒಳಬರುವುದನ್ನು ಮಾತ್ರ ಮಿರರ್ ಮಾಡಿದರೆ ಎರಡು ಪ್ರತಿಯ ಕಾಟ ತಪ್ಪುತ್ತದೆ. ಆದರೂ ಎರಡು ಪಿಸಿ ಒಟ್ಟಿಗೆ ಬ್ಯಾಕಪ್ ಶುರು ಮಾಡಿದರೆ ಪೋರ್ಟ್ ಮತ್ತೆ ತುಂಬುತ್ತದೆ.

ಒಳಬದಿಯ ಪೋರ್ಟಿನಲ್ಲಿ ಈ ತಲೆನೋವಿಲ್ಲ. ನಮ್ಮ ಇಂಟರ್ನೆಟ್ 200 ಎಂಬಿಪಿಎಸ್. ಹೋಗುವುದು, ಬರುವುದು ಎರಡೂ ಸೇರಿ ಹೆಚ್ಚೆಂದರೆ 400, ಆರಾಮಾಗಿ ಹಿಡಿಸುತ್ತದೆ. ಪಿಸಿಯ ನಿಜವಾದ ಐಪಿಯೂ ಕಾಣುತ್ತದೆ.

ಒಂದು ಕೊರತೆ ಇತ್ತು. ನಮ್ಮಲ್ಲಿ ಪಿಸಿಗಳು ಡಿಎನ್ಎಸ್ ಕೇಳುವುದು ಒಳಗಿನ ಸರ್ವರ್ ಹತ್ತಿರ. ಹಾಗಾಗಿ ಕೆಟ್ಟ ಸೈಟಿನ ಹೆಸರು ಕೇಳಿದ್ದು ಸರ್ವರ್ರೇ ಅಂತ ಲಾಗ್ ಹೇಳುತ್ತಿತ್ತು. ಆ ಸರ್ವರ್ ಪೋರ್ಟನ್ನೂ ಮಿರರ್‌ಗೆ ಸೇರಿಸಿದೆ. ಡಿಎನ್ಎಸ್, ಲಾಗಿನ್ ಬಿಟ್ಟರೆ ಅದರಲ್ಲಿ ಬೇರೆ ಕೆಲಸವಿಲ್ಲ, ಭಾರವೂ ಜಾಸ್ತಿ ಆಗಲಿಲ್ಲ. ಈಗ ಕೇಳಿದ ಪಿಸಿಯ ಐಪಿಯೇ ಬರುತ್ತದೆ.

ಪಿಸಿಯಿಂದ ಪಿಸಿಗೆ ನೇರ ಹರಡುವ ವೈರಸ್ ಇಲ್ಲಿ ಕಾಣುವುದಿಲ್ಲ. ಅದೂ ಬೇಕು ಅನ್ನುವವರು ಮಿರರ್‌ಗೆ 10 ಗಿಗಾಬಿಟ್ ಪೋರ್ಟ್ ಕೊಡಬಲ್ಲ ಸ್ವಿಚ್ ಕೊಳ್ಳಿ, ಸೆನ್ಸರ್‌ಗೂ ಅದೇ ವೇಗದ ಕಾರ್ಡ್ ಬೇಕು. ನಮ್ಮ ಬಜೆಟ್ಟಿಗೆ ಅದು ಎಟುಕಲಿಲ್ಲ.