ಪಿಡಿಎಫ್ ಅರೇಂಜರ್: ತುಂಬಾ ಕಾಲ ಬಳಸಿದ ಮೇಲೆ ಒಂದು ವಿಮರ್ಶೆ

ಪೋರ್ಟಲ್‌ಗೆ ಅರ್ಜಿ ಹಾಕುವಾಗಲೆಲ್ಲ ಹಲವು ಪಿಡಿಎಫ್‌ಗಳನ್ನು ಒಂದಾಗಿ ಜೋಡಿಸಲು ನಾನು ಬಳಸುವುದು ಪಿಡಿಎಫ್ ಅರೇಂಜರ್. ಉಚಿತ, ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲೂ ಓಡುತ್ತದೆ, ಫೈಲ್ ನಮ್ಮ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಪುಟಗಳೆಲ್ಲ ಚಿಕ್ಕ ಚಿತ್ರಗಳಾಗಿ ಕಾಣುತ್ತವೆ. ಎಳೆದು ಹಿಂದೆ ಮುಂದೆ ಮಾಡಬಹುದು, ಅಡ್ಡ ಬಿದ್ದದ್ದನ್ನು ತಿರುಗಿಸಬಹುದು, ಬೇಡದ್ದನ್ನು ಅಳಿಸಬಹುದು. ಇಷ್ಟರಲ್ಲಿ ಅದಕ್ಕೆ ಪೂರ್ತಿ ಅಂಕ.

ಆದರೆ ಇದು ಫಾರ್ಮ್ ತುಂಬಿಸುವುದಿಲ್ಲ, ಸೈಜ್ ಕೂಡ ಇಳಿಸುವುದಿಲ್ಲ. ಪುಟಗಳನ್ನು ಇದ್ದ ಹಾಗೇ ಜೋಡಿಸುತ್ತದೆ, ಹಾಗಾಗಿ ಗುಣಮಟ್ಟ ಕೆಡುವುದಿಲ್ಲ. ಭಾರವೂ ಹಾಗೇ ಉಳಿಯುತ್ತದೆ. ಆದ್ದರಿಂದ ಇದನ್ನು ಕೊನೆಗೆ ತೆರೆಯಬೇಕು, ಮೊದಲಲ್ಲ.

ಒಂದು ಉದಾಹರಣೆ ನೋಡಿ. ಮೂರು ಪುಟದ ಫಾರ್ಮ್, ಒಂದು ಪತ್ರ, ಆರು ಅಂಕಪಟ್ಟಿಗಳ ಸ್ಕ್ಯಾನ್. ಎಲ್ಲ ಸೇರಿ ಒಂದೇ ಫೈಲ್, 2 ಎಂಬಿ ದಾಟಬಾರದು. ಮೊದಲು ಫಾರ್ಮ್. ಬ್ರೌಸರ್‌ನಲ್ಲೇ ತುಂಬಿಸಿ, ಸೇವ್ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ತುಂಬಿದ ಖಾನೆಗಳ ಪಟ್ಟಿಯನ್ನು ಪಿಡಿಎಫ್ ಇಡೀ ಫೈಲ್‌ಗೆ ಸೇರಿದ ಜಾಗದಲ್ಲಿ ಇಟ್ಟುಕೊಂಡಿರುತ್ತದೆ, ಪುಟದ ಒಳಗಲ್ಲ. ಜೋಡಿಸುವ ಸಾಧನ ಬರೀ ಪುಟಗಳನ್ನು ಎತ್ತಿಕೊಂಡರೆ ಆ ಪಟ್ಟಿ ಹಿಂದೆಯೇ ಉಳಿಯಬಹುದು. ಆಗ ನಮ್ಮ ಕಣ್ಣಿಗೆ ತುಂಬಿದ ಫಾರ್ಮ್, ಇನ್ನೊಂದು ಕಂಪ್ಯೂಟರ್‌ನಲ್ಲಿ ಖಾಲಿ ಫಾರ್ಮ್. ಒಂದೇ ಫಾರ್ಮ್ ಅನ್ನು ಇಬ್ಬರಿಗೆ ತುಂಬಿ ಜೋಡಿಸಿದರೆ ಇನ್ನೂ ಮಜಾ: ಖಾನೆಗಳ ಹೆಸರು ಒಂದೇ ಆದ್ದರಿಂದ, ಕೆಲವು ಸಾಧನಗಳಲ್ಲಿ ಎರಡರಲ್ಲೂ ಒಬ್ಬರ ವಿವರವೇ ಬಂದು ಕೂರುತ್ತದೆ. ಅದಕ್ಕೇ ತುಂಬಿದ ಫಾರ್ಮ್‌ಗೆ ಪ್ರಿಂಟ್ ಕೊಟ್ಟು, ಪ್ರಿಂಟರ್ ಬದಲು ಪಿಡಿಎಫ್ ಆಗಿ ಉಳಿಸುವುದನ್ನು ಆರಿಸಿ. ಹೊಸ ಫೈಲ್ ತೆರೆದು ಖಾನೆಯ ಮೇಲೆ ಕ್ಲಿಕ್ ಮಾಡಿ. ಕರ್ಸರ್ ಮಿನುಗಲಿಲ್ಲ ಅಂದರೆ ಅಕ್ಷರ ಪುಟಕ್ಕೆ ಅಂಟಿದೆ ಅಂತ ಅರ್ಥ. ಒಂದು ಎಚ್ಚರ: ಡಿಜಿಟಲ್ ಸಹಿ ಇರುವ ಫೈಲ್‌ಗೆ ಇದನ್ನು ಮಾಡಬೇಡಿ, ಸಹಿ ಉಳಿಯುವುದಿಲ್ಲ.

ಇನ್ನು ಸ್ಕ್ಯಾನ್. ಭಾರವೆಲ್ಲ ಇರುವುದು ಇಲ್ಲೇ. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಪ್ರತಿ ಇಂಚಿಗೆ 300 ಪಿಕ್ಸೆಲ್‌ನಂತೆ, ಸ್ಕ್ಯಾನ್ ಮಾಡಿದರೆ ಸುಮಾರು 2480×3508 ಪಿಕ್ಸೆಲ್. 150ಕ್ಕೆ ಇಳಿಸಿದರೆ ಪಿಕ್ಸೆಲ್ ಕಾಲು ಭಾಗಕ್ಕೆ ಬರುತ್ತವೆ, ಅಂಕಗಳನ್ನು ಆಗಲೂ ಓದಬಹುದು. ಇದಕ್ಕೆ ನಾನು ಬಳಸುವುದು ಕಮಾಂಡ್ ಕೊಟ್ಟು ಓಡಿಸುವ ಘೋಸ್ಟ್‌ಸ್ಕ್ರಿಪ್ಟ್ ಅನ್ನುವ ಸಾಧನ, ಅದೂ ಸ್ಕ್ಯಾನ್ ಪುಟಗಳಿಗೆ ಮಾತ್ರ. ಟೈಪ್ ಮಾಡಿದ ಪುಟ ಹೇಗೂ ಹಗುರ, ಅದನ್ನು ಸುಮ್ನೆ ಬಿಡಿ. ಲಿನಕ್ಸ್ ಟರ್ಮಿನಲ್‌ನಲ್ಲಿ ಕಮಾಂಡ್ ಹೀಗೆ:

```
gs -sDEVICE=pdfwrite -dPDFSETTINGS=/ebook \
   -dColorImageDownsampleThreshold=1.0 \
   -dGrayImageDownsampleThreshold=1.0 \
   -o small.pdf scan.pdf
```

ಮಧ್ಯದ ಎರಡು ಸಾಲು ಯಾಕೆ ಅಂದರೆ, `/ebook` ಚಿತ್ರವನ್ನು 150 ಡಿಪಿಐಗೆ ಇಳಿಸುತ್ತದೆ ನಿಜ, ಆದರೆ ಚಿತ್ರ ಅದರ ಒಂದೂವರೆ ಪಟ್ಟು ದಾಟಿದ್ದರೆ ಮಾತ್ರ. ಅಂದರೆ ಆ ಎರಡು ಸಾಲು ಇಲ್ಲದೆ 200 ಡಿಪಿಐ ಸ್ಕ್ಯಾನ್ ಕೊಟ್ಟರೆ ಅದು ಮುಟ್ಟುವುದೇ ಇಲ್ಲ, ಸೈಜ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಸಾಧನವೇ ಸರಿ ಇಲ್ಲ ಅಂತ ಬೈಯುವವರು ಜಾಸ್ತಿ. ಆ ಸಾಲುಗಳಿದ್ದರೆ 150 ದಾಟಿದ ಚಿತ್ರಗಳೂ ಇಳಿಯುತ್ತವೆ.

ಇನ್ನೊಂದು ಸಂದರ್ಭದಲ್ಲೂ ಸೈಜ್ ಅಲುಗುವುದಿಲ್ಲ. ಮೊಬೈಲ್ ಫೋಟೋವನ್ನು ನೇರ ಪಿಡಿಎಫ್ ಮಾಡಿದಾಗ ಕೆಲವು ಆಪ್‌ಗಳು ಪ್ರತಿ ಇಂಚಿಗೆ 72 ಪಿಕ್ಸೆಲ್ ಅಂತ ಲೆಕ್ಕ ಹಾಕುತ್ತವೆ. 3000×4000 ಪಿಕ್ಸೆಲ್ ಫೋಟೋ ಆಗ ಒಂದು ಮೀಟರ್‌ಗಿಂತ ಅಗಲದ ಪುಟವಾಗುತ್ತದೆ! ಘೋಸ್ಟ್‌ಸ್ಕ್ರಿಪ್ಟ್ ದೃಷ್ಟಿಯಲ್ಲಿ ಅದು ಬರೀ 72 ಡಿಪಿಐ, ಇಳಿಸಲು ಏನೂ ಇಲ್ಲ. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಪುಟದ ಅಳತೆ 210×297 ಮಿ.ಮೀ. ಆಸುಪಾಸು ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಪುಟವನ್ನು ಎ4ಗೆ ಕುಗ್ಗಿಸಿ, ಆಮೇಲೆ ಆ ಕಮಾಂಡ್ ಓಡಿಸಿ.

ಇಷ್ಟಾದ ಮೇಲೆ ಅರೇಂಜರ್ ತೆರೆದು ಮೂರನ್ನೂ ಒಳಗೆ ಹಾಕಿ, ಪೋರ್ಟಲ್ ಕೇಳಿದ ಕ್ರಮಕ್ಕೆ ಎಳೆದು, ಎಕ್ಸ್‌ಪೋರ್ಟ್ ಮಾಡಿದರೆ ಆಯಿತು. ಆಗಲೂ 2 ಎಂಬಿ ದಾಟಿದರೆ ಅಂಕಪಟ್ಟಿಗಳನ್ನು ಬೂದು ಬಣ್ಣದಲ್ಲಿ ಮತ್ತೆ ಸ್ಕ್ಯಾನ್ ಮಾಡುತ್ತೇನೆ. ಕಮಾಂಡ್‌ನಲ್ಲಿ `/ebook` ಬದಲು `/screen` ಹಾಕಲು ಹೋಗುವುದಿಲ್ಲ. ಅದು 72 ಡಿಪಿಐ, ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ.

ಒಂದು ಅಂಕ ಕಡಿತ ಮಾಡುವುದು ಕ್ರಾಪ್ ವಿಷಯಕ್ಕೆ. ಅಂಚು ಕತ್ತರಿಸಿದಂತೆ ಕಂಡರೂ ಆ ಭಾಗ ಫೈಲ್ ಒಳಗೆ ಹಾಗೇ ಇರುತ್ತದೆ, ಬೇಕಾದವರು ಮತ್ತೆ ತೆರೆದು ನೋಡಬಹುದು. ಬ್ಯಾಂಕ್ ಖಾತೆ ಸಂಖ್ಯೆ ಮರೆಮಾಡಬೇಕಾದರೆ ಸ್ಕ್ಯಾನ್ ಚಿತ್ರದಲ್ಲೇ ಅಳಿಸಿ, ಆಮೇಲೆ ಪಿಡಿಎಫ್ ಮಾಡಿ.