ಕ್ರೀಮ್ ಫೌಂಡೇಶನ್ ಪ್ಯಾಲೆಟ್: ಮೂರು ವರ್ಷ ಮದುವೆ ಹೆಣ್ಣುಮಕ್ಕಳಿಗೆ ಬಳಸಿದ ಮೇಲೆ

ನಾನು ಚಿಕ್ಕಬಳ್ಳಾಪುರದಲ್ಲಿ ಮನೆಯ ಮುಂದಿನ ರೂಮಿನಲ್ಲೇ ಥ್ರೆಡಿಂಗ್, ವ್ಯಾಕ್ಸಿಂಗ್, ಫೇಶಿಯಲ್ ಮಾಡುತ್ತೇನೆ. ಮದುವೆ ಸೀಸನ್ನಿನಲ್ಲಿ ಛತ್ರಕ್ಕೇ ಹೋಗಿ ಮದುವೆ ಹೆಣ್ಣಿಗೆ ಮೇಕಪ್ ಮಾಡುತ್ತೇನೆ. ಮೇಕಪ್ ಕಿಟ್ ಕೊಳ್ಳಲು ಹೊರಟವರು ಹೆಚ್ಚಾಗಿ ನನ್ನನ್ನು ಕೇಳುವ ಪ್ರಶ್ನೆ ಒಂದೇ, ಮೊದಲು ಯಾವುದಕ್ಕೆ ದುಡ್ಡು ಹಾಕಲಿ ಅಂತ. ನನ್ನ ಉತ್ತರ ಒಂದು ಒಳ್ಳೆಯ ಕ್ರೀಮ್ ಫೌಂಡೇಶನ್ ಪ್ಯಾಲೆಟ್, ಅಂದರೆ ಮುಖಕ್ಕೆ ಹಚ್ಚುವ ಕ್ರೀಮಿನ ಹಲವು ಶೇಡ್ ಒಂದೇ ಡಬ್ಬಿಯಲ್ಲಿ ಇರುವುದು. ಮೂರು ವರ್ಷದಿಂದ ಇದನ್ನೇ ಬಳಸುತ್ತಿದ್ದೇನೆ. ಬ್ರ್ಯಾಂಡ್ ಬದಲಾಯಿಸಿದ್ದೇನೆ, ಪ್ಯಾಲೆಟ್ ಬಿಟ್ಟಿಲ್ಲ. ಆದ್ದರಿಂದ ಇದು ಒಂದು ಕಂಪನಿಯ ವಿಮರ್ಶೆ ಅಲ್ಲ, ಆ ವಸ್ತುವಿನದ್ದು.

ಮೊದಲು ದುಡ್ಡಿನ ವಿಷಯ. ನಾನು ಕೊಂಡ ಪ್ಯಾಲೆಟ್‌ಗೆ ಸುಮಾರು 1,800 ರೂಪಾಯಿ ಆಯಿತು. ನನ್ನ ಕಡೆ ಒಂದು ಥ್ರೆಡಿಂಗ್‌ಗೆ 40 ರೂಪಾಯಿ. ಅಂದರೆ 45 ಜನರ ಹುಬ್ಬು. ಥ್ರೆಡಿಂಗ್‌ಗೆ ಬೇಕಾದ್ದು 40 ನಂಬರ್ ದಾರದ ಉಂಡೆ, ಸಣ್ಣ ಕತ್ತರಿ, ಪೌಡರ್, ಅಲೋವೆರಾ ಜೆಲ್, ಒಂದು ಕನ್ನಡಿ, ಅಷ್ಟೇ. ಒಂದು ಉಂಡೆ ದಾರ ತಿಂಗಳುಗಟ್ಟಲೆ ಬರುತ್ತದೆ. ಹುಬ್ಬು ಮೂರು ನಾಲ್ಕು ವಾರಕ್ಕೆ ಮತ್ತೆ ಬೆಳೆಯುತ್ತದೆ, ಅದೇ ಜನ ಮತ್ತೆ ಬರುತ್ತಾರೆ. ಆ ದುಡ್ಡನ್ನು ಒಂದು ಡಬ್ಬಿಗೆ ಹಾಕಿ ಅದರಿಂದಲೇ ಕಿಟ್ ಮಾಡಿ, ಸಾಲ ಮಾಡಿ ದೊಡ್ಡ ಟ್ರಾಲಿ ಬಾಕ್ಸ್ ತರಬೇಡಿ. ನೂರು ಬಣ್ಣದ ಐಶ್ಯಾಡೋ ಇರುವ ಅಗ್ಗದ ಬಾಕ್ಸ್ ನೋಡೋಕೆ ಚೆಂದ, ಆದರೆ ನಮ್ಮ ಕಡೆ ಮುಹೂರ್ತದ ಮೇಕಪ್‌ಗೆ ಓಡುವುದು ಚಿನ್ನದ ಬಣ್ಣ, ಕಂದು, ಮರೂನ್. ಉಳಿದವು ಹಾಗೇ ಒಣಗುತ್ತವೆ.

ಪ್ಯಾಲೆಟ್ ಯಾಕೆ, ಬಾಟಲಿ ಫೌಂಡೇಶನ್ ಯಾಕಲ್ಲ? ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳ ಬಣ್ಣ ಒಂದೇ ತರ ಇರುವುದಿಲ್ಲ. ಟೌನಿನ ಆಫೀಸ್ ಕೆಲಸದ ಹುಡುಗಿ ಬೇರೆ, ಪೇರೇಸಂದ್ರ ಕಡೆ ಹೂವಿನ ತೋಟದಲ್ಲಿ ಅಪ್ಪ ಅಮ್ಮನ ಜೊತೆ ಕೆಲಸ ಮಾಡುವ ಹುಡುಗಿ ಬೇರೆ. ಬಾಟಲಿ ಆದರೆ ಕಡಿಮೆ ಅಂದರೂ ಐದಾರು ಶೇಡ್ ಇಡಬೇಕು, ಅದರಲ್ಲಿ ಎರಡು ಖಾಲಿಯಾಗುವ ಹೊತ್ತಿಗೆ ಉಳಿದದ್ದು ಹಳತಾಗಿರುತ್ತದೆ. ಪ್ಯಾಲೆಟ್ಟಿನಲ್ಲಿ ಎರಡು ಶೇಡ್ ಬೆರೆಸಿ ಮೂರನೆಯದು ಮಾಡಿಕೊಳ್ಳಬಹುದು. ಕೊಳ್ಳುವಾಗ ಎರಡು ವಿಷಯ ನೋಡಿ. ಶೇಡ್‌ಗಳು ಹಳದಿ ಕಡೆ ವಾಲಿರಬೇಕು, ಗುಲಾಬಿ ಕಡೆ ವಾಲಿದ್ದರೆ ನಮ್ಮ ಗೋಧಿ ಬಣ್ಣದ ಮುಖದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ. ಮತ್ತೆ ಒಂದು ಕಿತ್ತಳೆ ಬಣ್ಣದ ಕರೆಕ್ಟರ್ ಇರಲೇಬೇಕು, ಕಣ್ಣಿನ ಕೆಳಗಿನ ಕಪ್ಪು ಅದಿಲ್ಲದೆ ಮುಚ್ಚುವುದಿಲ್ಲ. ಬರೀ ಚರ್ಮದ ಬಣ್ಣದ ಕನ್ಸೀಲರ್ ಎಷ್ಟು ಹಾಕಿದರೂ ಕೆಳಗಿನ ಕಪ್ಪು ಬೂದುಬಣ್ಣವಾಗಿ ಮೇಲೆ ಬರುತ್ತದೆ.

ಒಂದು ಮದುವೆಯ ಕೆಲಸ ಪೂರ್ತಿ ಹೇಳುತ್ತೇನೆ, ಆಗ ಈ ಪ್ಯಾಲೆಟ್ಟಿನ ಒಳ್ಳೆಯದು ಕೆಟ್ಟದ್ದು ಎರಡೂ ಗೊತ್ತಾಗುತ್ತದೆ. ಹುಡುಗಿ ಹಳ್ಳಿಯವಳು. ಮುಖಕ್ಕೆ ಕ್ರೀಮು ಹಚ್ಚಿ ಹಚ್ಚಿ ಮುಖ ಸ್ವಲ್ಪ ತಿಳಿ, ಕುತ್ತಿಗೆ ಮತ್ತು ಕೈ ಬಿಸಿಲಿಗೆ ಕಂದಿದ್ದವು. ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ. ವಾರದ ಮೊದಲೇ ಮನೆಗೆ ಕರೆಸಿ ಟ್ರಯಲ್ ಮಾಡಿದ್ದೆ, ಆಗಲೇ ದವಡೆಯ ಹತ್ತಿರ ಚೂರು ಹಚ್ಚಿ ತುರಿಕೆ ಬರುತ್ತದಾ ಅಂತ ಒಂದು ದಿನ ಕಾಯಲು ಹೇಳಿದ್ದೆ. ಹುಬ್ಬು ಮೂರು ದಿನ ಮುಂಚೆ ಮುಗಿಸಿದೆ. ಇದು ಬಹಳ ಮುಖ್ಯ. ಹಿಂದಿನ ದಿನ ಥ್ರೆಡಿಂಗ್ ಮಾಡಿ ಅದರ ಮೇಲೆ ಅರಿಶಿನ ಬಿದ್ದರೆ ಉರಿ ಬರುತ್ತದೆ, ಸಣ್ಣ ಗುಳ್ಳೆ ಏಳಬಹುದು, ಗುಳ್ಳೆಯ ಮೇಲೆ ಕ್ರೀಮ್ ಹಚ್ಚಿದರೆ ಅದು ಇನ್ನೂ ಎದ್ದು ಕಾಣುತ್ತದೆ. ಬ್ಲೀಚ್ ಕೂಡ ಅಷ್ಟೇ, ಮದುವೆ ವಾರದಲ್ಲಿ ಬೇಡ.

ಅರಿಶಿನ ಶಾಸ್ತ್ರ ಆದಮೇಲೆ ಛತ್ರಕ್ಕೆ ಹೋದರೆ ಟ್ರಯಲ್‌ನಲ್ಲಿ ಸರಿಹೊಂದಿದ್ದ ಶೇಡ್ ಹೊಂದಲೇ ಇಲ್ಲ. ಮುಖ ಪೂರ್ತಿ ಹಳದಿ. ಇದು ಎಲ್ಲ ಮದುವೆಯಲ್ಲೂ ಆಗುತ್ತದೆ, ಬೇರೆ ಕಡೆಯ ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ನಿಧಾನಕ್ಕೆ ಒರೆಸಿದೆ, ಆಮೇಲೆ ಫೇಸ್ ವಾಶ್. ಕೂದಲಿನ ಅಂಚು, ಕಿವಿಯ ಹಿಂದೆ, ಮೂಗಿನ ಪಕ್ಕ ಅರಿಶಿನ ಉಳಿದಿರುತ್ತದೆ, ಅಲ್ಲಿ ಎರಡು ಸಲ. ಉಜ್ಜಬೇಡಿ, ಕೆಂಪಾಗುತ್ತದೆ. ಪೂರ್ತಿ ಹೋಗುವುದಿಲ್ಲ, ಉಳಿದ ಹಳದಿಗೆ ತಕ್ಕಂತೆ ಶೇಡ್ ಬೆರೆಸುವುದೇ ದಾರಿ. ಬಾಟಲಿ ಫೌಂಡೇಶನ್ ಒಂದೇ ತಂದಿದ್ದರೆ ಇಲ್ಲಿ ಸಿಕ್ಕಿಬೀಳುತ್ತಿದ್ದೆ.

ಮಾಯಿಶ್ಚರೈಸರ್ ಹಚ್ಚಿ ಹತ್ತು ನಿಮಿಷ ಬಿಟ್ಟೆ. ಕಣ್ಣಿನ ಕೆಳಗೆ, ತುಟಿಯ ಸುತ್ತ ಕಿತ್ತಳೆ ಕರೆಕ್ಟರ್, ಬೆರಳ ತುದಿಯಲ್ಲಿ ತಟ್ಟಿ ತಟ್ಟಿ, ಬಹಳ ತೆಳುವಾಗಿ. ಆಮೇಲೆ ಸ್ಟೀಲ್ ತಟ್ಟೆಯ ಮೇಲೆ ಗೋಧಿ ಶೇಡ್ ಮೂರು ಪಾಲು, ಅದಕ್ಕಿಂತ ಗಾಢವಾದ್ದು ಒಂದು ಪಾಲು ಬೆರೆಸಿದೆ. ಒಟ್ಟು ಬಟಾಣಿ ಕಾಳಿನಷ್ಟು ಇರಬೇಕು, ಅದಕ್ಕಿಂತ ಜಾಸ್ತಿ ತೆಗೆದರೆ ವೇಸ್ಟು. ಇದನ್ನು ದವಡೆಯಿಂದ ಕುತ್ತಿಗೆಗೆ ಎಳೆದು ನೋಡಿದೆ. ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಸರಿಯಾಗೇ ಕಾಣುತ್ತದೆ, ಹುಡುಗಿಯನ್ನು ಬಾಗಿಲ ಹತ್ತಿರ ಬೆಳಕಿಗೆ ಕರೆದುಕೊಂಡು ಹೋಗಿ ನೋಡಿ. ಸ್ವಲ್ಪ ಹೊತ್ತು ಕಾಯಿರಿ ಕೂಡ, ಕೆಲವು ಕ್ರೀಮ್ ಮುಖದ ಜಿಡ್ಡು ಸೇರಿ ಹತ್ತು ನಿಮಿಷದಲ್ಲಿ ಒಂದು ಶೇಡ್ ಕಪ್ಪಾಗುತ್ತದೆ.

ಈ ಹೊತ್ತಿಗೆ ಹುಡುಗಿಯ ತಾಯಿ ಬಂದು "ಇನ್ನೂ ಸ್ವಲ್ಪ ಬೆಳ್ಳಗೆ ಮಾಡಮ್ಮ, ಫೋಟೋಲಿ ಕಪ್ಪು ಕಾಣಬಾರದು" ಅಂದರು. ಎಲ್ಲ ಮನೆಯಲ್ಲೂ ಈ ಮಾತು ಬರುತ್ತದೆ. ವಾದ ಮಾಡಬೇಡಿ. ಫೋನಿನಲ್ಲಿ ಫ್ಲ್ಯಾಶ್ ಹಾಕಿ ಎರಡು ಫೋಟೋ ತೆಗೆದು ತೋರಿಸಿದೆ, ಒಂದು ಕೆನ್ನೆಗೆ ತಿಳಿ ಶೇಡ್, ಇನ್ನೊಂದಕ್ಕೆ ನಾನು ಬೆರೆಸಿದ್ದು. ತಿಳಿ ಶೇಡ್ ಇದ್ದ ಕಡೆ ಮುಖ ಬೇರೆ, ಕುತ್ತಿಗೆ ಬೇರೆ ಕಂಡಿತು. ಅವರೇ "ಬೇಡ ಬಿಡಮ್ಮ, ಇದೇ ಇರಲಿ" ಅಂದರು. ಅದೇ ಮಿಶ್ರಣವನ್ನು ಕುತ್ತಿಗೆ, ಕಿವಿ, ಬ್ಲೌಸ್ ಬೆನ್ನು ಆಳವಾಗಿದ್ದರೆ ಅಲ್ಲಿಗೂ ಹಚ್ಚಬೇಕು. ಕೈಗೆ ಮೆಹಂದಿ ಇರುವುದರಿಂದ ಮೊಣಕೈವರೆಗೆ ತೆಳುವಾಗಿ ಸಾಕು.

ಹಚ್ಚುವುದಕ್ಕೆ ಒದ್ದೆ ಸ್ಪಂಜು, ಹಿಂಡಿ ನೀರು ತೆಗೆದದ್ದು. ಒತ್ತಬೇಕು, ಎಳೆಯಬಾರದು. ಮೇಲೆ ಟ್ರಾನ್ಸ್‌ಲೂಸೆಂಟ್ ಪೌಡರ್, ಅದೂ ಪಫ್‌ನಿಂದ ಒತ್ತಿ. ಪೌಡರ್ ಕೊಳ್ಳುವಾಗ ಹುಷಾರು, ಬರೀ ಸಿಲಿಕಾ ಇರುವ ಬಿಳಿ ಪೌಡರ್ ಕಣ್ಣಿಗೆ ಕಾಣುವುದಿಲ್ಲ, ಫ್ಲ್ಯಾಶ್ ಬಿದ್ದರೆ ಕಣ್ಣಿನ ಕೆಳಗೆ ಬೆಳ್ಳಗೆ ಹೊಳೆಯುತ್ತದೆ. ಆಲ್ಬಂ ಬಂದಮೇಲೆ ಏನೂ ಮಾಡೋಕಾಗಲ್ಲ, ಅಲ್ವಾ? ಅದಕ್ಕೇ ಫ್ಲ್ಯಾಶ್ ಫೋಟೋ ಪರೀಕ್ಷೆಯನ್ನು ಪೌಡರ್ ಆದಮೇಲೆ ಇನ್ನೊಂದು ಸಲ ಮಾಡುತ್ತೇನೆ.

ಇನ್ನು ಪ್ಯಾಲೆಟ್ಟಿನ ತೊಂದರೆ. ಇದರಲ್ಲಿ ಎಣ್ಣೆ ಮತ್ತು ಮೇಣದ ಅಂಶ ಇರುತ್ತದೆ, ಆದ್ದರಿಂದ ಸೆಕೆಗೆ ಕರಗುತ್ತದೆ. ಸಂಜೆ ಆರತಕ್ಷತೆಗೆ ಆರಾಮಾಗಿ ನಿಂತಿತು. ಬೆಳಗ್ಗೆ ಹೋಮದ ಹೊಗೆ, ಬೆಂಕಿಯ ಶಾಖ, ರೇಷ್ಮೆ ಸೀರೆ, ಜನ, ಧಾರೆಯ ಹೊತ್ತಿಗೆ ಅಳು. ಮೇಲ್ತುಟಿಯ ಮೇಲೆ ಮತ್ತು ಮೂಗಿನ ಪಕ್ಕ ಮೇಕಪ್ ಮೊದಲು ಒಡೆಯುತ್ತದೆ. ಹಾಗಾಗಿ ಮುಹೂರ್ತಕ್ಕೆ ಆರತಕ್ಷತೆಯ ಅರ್ಧದಷ್ಟೇ ಕ್ರೀಮ್ ಬಳಸುತ್ತೇನೆ, ಸೆಟ್ಟಿಂಗ್ ಸ್ಪ್ರೇ ಎರಡು ಸಲ. ಬೆವರು ಬಂದರೆ ಟಿಶ್ಯೂ ಒತ್ತಿ ತೆಗೆಯಿರಿ, ಬೆವರಿನ ಮೇಲೇ ಪೌಡರ್ ಹಾಕಿದರೆ ಉಂಡೆ ಉಂಡೆ ಆಗುತ್ತದೆ. ಹುಡುಗಿಯ ತಂಗಿಗೋ ಚಿಕ್ಕಮ್ಮನಿಗೋ ಇದನ್ನು ಹೇಳಿಕೊಟ್ಟು ಕೈಗೆ ಟಿಶ್ಯೂ ಕೊಟ್ಟು ಬರುತ್ತೇನೆ. ಮುಖ ತುಂಬಾ ಜಿಡ್ಡಿದ್ದವರಿಗೆ ಪ್ಯಾಲೆಟ್ ಅಷ್ಟು ಒಳ್ಳೆಯದಲ್ಲ, ಅವರಿಗೆ ಬಾಟಲಿಯ ಮ್ಯಾಟ್ ಫೌಂಡೇಶನ್ ವಾಸಿ.

ಎರಡನೇ ತೊಂದರೆ ಇಡುವುದು. ಏಪ್ರಿಲ್, ಮೇ ತಿಂಗಳಲ್ಲಿ ಸ್ಕೂಟಿ ಡಿಕ್ಕಿಯಲ್ಲಿ ಇಟ್ಟರೆ ಮುಗಿಯಿತು, ಮೇಲೆ ಎಣ್ಣೆ ಹನಿ ಹನಿಯಾಗಿ ನಿಲ್ಲುತ್ತದೆ. ಅಷ್ಟಕ್ಕೆ ಎಸೆಯಬೇಕಿಲ್ಲ, ತಣ್ಣಗಾದ ಮೇಲೆ ಟಿಶ್ಯೂ ಒತ್ತಿ ನೋಡಿ. ಹಳೇ ಎಣ್ಣೆಯ ವಾಸನೆ ಬಂದರೆ ಮಾತ್ರ ಮುಖಕ್ಕೆ ಬೇಡವೇ ಬೇಡ. ಡಬ್ಬಿಯ ಹಿಂದೆ ತೆರೆದ ಮುಚ್ಚಳದ ಗುರುತಿನಲ್ಲಿ 12M ಅಂತ ಇದ್ದರೆ ತೆರೆದ ಮೇಲೆ 12 ತಿಂಗಳು ಅಂತ ಅರ್ಥ. ಆಷಾಢದಲ್ಲಿ, ಧನುರ್ಮಾಸದಲ್ಲಿ ನಮಗೆ ಮದುವೆ ಇಲ್ಲ, ಆದರೆ ತೆರೆದ ಪ್ಯಾಲೆಟ್‌ಗೆ ಆ ತಿಂಗಳುಗಳೂ ಲೆಕ್ಕ. ಅದಕ್ಕೇ ಚಿಕ್ಕ ಸೈಜ್ ತಗೊಳ್ಳಿ, ಹೊಸ ಪ್ಯಾಲೆಟ್ ಸೀಸನ್ ಶುರುವಾಗುವಾಗ ತೆರೆಯಿರಿ. ಬ್ರಷ್ ನೇರ ಅದ್ದಬೇಡಿ, ಸ್ಪ್ಯಾಚುಲಾದಿಂದ ತೆಗೆಯಿರಿ. ಒಬ್ಬರ ಚರ್ಮದ ಸೋಂಕು ಇನ್ನೊಬ್ಬರಿಗೆ ಅಂಟಿದರೆ ಹೆಸರು ಹೋಗುತ್ತದೆ.

ಒಮ್ಮೆ ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ತರಿಸಿದ ಪ್ಯಾಲೆಟ್ಟಿನಲ್ಲಿ ಬ್ಯಾಚ್ ನಂಬರೂ ಇರಲಿಲ್ಲ, ತಯಾರಿಸಿದವರ ವಿಳಾಸವೂ ಇರಲಿಲ್ಲ. ವಾಪಸ್ ಕಳಿಸಿದೆ, ದುಡ್ಡು ಬರಲು ತುಂಬಾ ಓಡಾಡಿಸಿದರು. ಈಗ ಬೆಂಗಳೂರಿಗೆ ಹೋದಾಗ ಅಂಗಡಿಯಲ್ಲೇ ಕೈ ಮೇಲೆ ಹಚ್ಚಿ, ಹೊರಗೆ ಬಿಸಿಲಿಗೆ ಬಂದು ನೋಡಿ, ಬಿಲ್ ತಗೊಂಡು ಬರುತ್ತೇನೆ.

ಗಿರಾಕಿ ವಿಷಯ ಕೇಳುವವರಿಗೆ ಒಂದೇ ಮಾತು, ಬ್ಲೌಸ್ ಹೊಲಿಯುವ ಅಕ್ಕಂದಿರನ್ನು ಪರಿಚಯ ಮಾಡಿಕೊಳ್ಳಿ. ಮದುವೆ ಗೊತ್ತಾದ ಹುಡುಗಿ ಮೇಕಪ್‌ನವರಿಗಿಂತ ಎಷ್ಟೋ ಮೊದಲು ಟೈಲರ್ ಹತ್ತಿರ ಹೋಗುತ್ತಾಳೆ. ನನಗೆ ಮೇಲೆ ಹೇಳಿದ ಹುಡುಗಿ ಬಂದದ್ದೂ ಹಾಗೇ. ತಾರೀಖು ಬರೆದುಕೊಳ್ಳುವಾಗಲೇ ಅರ್ಧ ಅಡ್ವಾನ್ಸ್, ಉಳಿದದ್ದು ಆರತಕ್ಷತೆಯ ದಿನ ಮೇಕಪ್ ಶುರು ಮಾಡುವ ಮೊದಲು. ಮುಹೂರ್ತ ಮುಗಿದ ಮೇಲೆ ದುಡ್ಡು ಕೇಳಲು ಅಪ್ಪನೂ ಸಿಗುವುದಿಲ್ಲ, ಮಾವನೂ ಸಿಗುವುದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ಸೆಕೆಗೆ. ಮತ್ತೆ ಕೊಳ್ಳುತ್ತೇನಾ ಅಂದರೆ ಖಂಡಿತ, ಶ್ರಾವಣಕ್ಕೆ ಮುಂಚೆ ಒಂದು ತರಬೇಕು, ಈಗಿನದರಲ್ಲಿ ಗೋಧಿ ಶೇಡ್ ತಳ ಕಾಣುತ್ತಿದೆ.