ಬಿಳಿ ಪ್ಲೇಟಿನ ಬೈಕಾ, ಹಳದಿ ಪ್ಲೇಟಿನ ಆಟೋನಾ?

ಮೆಟ್ರೋ ಇಳಿದ ಮೇಲೂ ನಾಲ್ಕು ಕಿಲೋಮೀಟರ್ ಉಳಿದಿರುತ್ತದಲ್ಲ, ನನ್ನ ಹೋಲಿಕೆ ಅಷ್ಟು ದೂರಕ್ಕೆ ಮಾತ್ರ. ಬೈಯಪ್ಪನಹಳ್ಳಿಯಿಂದ ಸಿ.ವಿ. ರಾಮನ್ ನಗರದ ಕಡೆಗೆ. ಬೈಕ್ ಟ್ಯಾಕ್ಸಿ, ಕಮಿಷನ್ ಹಿಡಿಯುವ ಆ್ಯಪ್‌ನ ಆಟೋ, ಚಾಲಕರಿಗೇ ನೇರವಾಗಿ ದುಡ್ಡು ಕೊಡುವ ಆ್ಯಪ್‌ನ ಆಟೋ, ಮೂರನ್ನೂ ಬಳಸಿದ್ದೇನೆ. ನಾನು ಉಳಿಸಿಕೊಂಡಿದ್ದು ಮೂರನೆಯದನ್ನು. ಕ್ಯಾಬ್ ಲೆಕ್ಕಕ್ಕೇ ಇಲ್ಲ, ಆ ದಾರಿಯಲ್ಲಿ ಅದು ಬರುವಷ್ಟರಲ್ಲಿ ನಡೆದೇ ಅರ್ಧ ದಾರಿ ಮುಗಿಸಬಹುದು.

ದುಡ್ಡಿನಲ್ಲಿ ಬೈಕನ್ನು ಯಾರೂ ಸೋಲಿಸಲಾರರು. ಬೆಂಗಳೂರಿನ ಆಟೋ ದರ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಅಂದರೆ ನನ್ನ ದಾರಿಗೆ ಸರಿಯಾದ ಮೀಟರ್ 72 ರೂಪಾಯಿ. ಬೈಕಿನಲ್ಲಿ ಸಾಮಾನ್ಯವಾಗಿ ನಲವತ್ತರ ಆಸುಪಾಸಿಗೆ ಮುಗಿಯುತ್ತಿತ್ತು. ಸಮಯದಲ್ಲೂ ಬೈಕೇ ಮುಂದು. ಸಂಜೆ ಆರೂವರೆಗೆ ಸುರಂಜನ್ ದಾಸ್ ರಸ್ತೆಯಲ್ಲಿ ಆಟೋ ಒಳಗೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದೂ ಬೈಕ್ ಯಾಕೆ ಬಿಟ್ಟೆ? ಒಂದೇ ಕಾರಣ. ಅದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು.

2025ರ ಜೂನ್ 16ರಿಂದ ಕರ್ನಾಟಕದಲ್ಲಿ ಬೈಕ್ ಟ್ಯಾಕ್ಸಿ ನಿಂತಿತು. ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ಸರ್ಕಾರ ನಿಯಮ ಮಾಡುವ ತನಕ ಇವು ಓಡುವಂತಿಲ್ಲ ಎಂದಿತ್ತು. ಗಡುವು ಜೂನ್ ಮಧ್ಯಕ್ಕೆ ಮುಗಿಯಿತು. ಆಗ ಆ್ಯಪ್‌ಗಳಲ್ಲಿ ಬೈಕ್ ಟ್ಯಾಕ್ಸಿ ಇದ್ದ ಜಾಗಕ್ಕೆ ಬೈಕ್ ಪಾರ್ಸೆಲ್ ಬಂತು. ನಮ್ಮ ಊರಿನ ಜನ ಏನು ಮಾಡಿದರು ಗೊತ್ತಲ್ಲ? ತಮ್ಮನ್ನೇ ಪಾರ್ಸೆಲ್ ಮಾಡಿಕೊಂಡರು. ಕಳಿಸುವವರೂ ಅವರೇ, ತಗೊಳ್ಳುವವರೂ ಅವರೇ. ಆ ದಿನಗಳಲ್ಲಿ ಇದು ಆಫೀಸಿನಲ್ಲಿ ದೊಡ್ಡ ತಮಾಷೆ.

ನನ್ನ ಪಕ್ಕದ ಸೀಟಿನಲ್ಲಿ ಕೂರುವ ಸಹೋದ್ಯೋಗಿಯೂ ಜುಲೈನಲ್ಲಿ ಹಾಗೆ ಹೊರಟರು. ಹಂಪ್ ಪಕ್ಕ ಜಲ್ಲಿ ಚೆಲ್ಲಿತ್ತು. ಬೈಕ್ ಜಾರಿತು. ಓಡಿಸುತ್ತಿದ್ದ ಹುಡುಗನ ಮೊಣಕಾಲು ತರಚಿತು, ಇವರ ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲೇಟ್ ಹಾಕಿಸಿಕೊಂಡು ಮನೆಗೆ ಬಂದಾಗ ಬಿಲ್ ಎಂಬತ್ತು ಸಾವಿರ ದಾಟಿತ್ತು. ಆಫೀಸಿನ ಗುಂಪು ವಿಮೆ ಇದ್ದದ್ದರಿಂದ ಆಸ್ಪತ್ರೆ ಖರ್ಚು ಹೇಗೋ ನಡೆಯಿತು. ಆದರೆ ಫಿಸಿಯೋಥೆರಪಿ, ಓಡಾಟ, ಸಂಬಳವಿಲ್ಲದ ರಜೆ, ಎಲ್ಲ ಕೈಯಿಂದಲೇ.

ಆ್ಯಪ್‌ನಲ್ಲಿ ಪ್ರಯಾಣಿಕರ ಅಪಘಾತ ವಿಮೆ ಅಂತ ಇತ್ತಲ್ಲ, ಅದನ್ನು ಕೇಳೋಣ ಎಂದು ಇಬ್ಬರೂ ಕೂತು ದೂರು ಬರೆದೆವು. ಬಿಲ್, ಎಕ್ಸ್‌ರೇ, ಬುಕಿಂಗ್ ನಂಬರ್ ಎಲ್ಲ ಹಾಕಿದೆವು. ಬಂದ ಉತ್ತರ ಎರಡೇ ಸಾಲು: ಇದು ಪಾರ್ಸೆಲ್ ಆರ್ಡರ್, ಇದರಲ್ಲಿ ಪ್ರಯಾಣಿಕರು ಇಲ್ಲ. ಬಿಲ್ ತೆಗೆದು ನೋಡಿದರೆ ನಿಜವಾಗಿಯೂ ಡೆಲಿವರಿ ಶುಲ್ಕ ಎಂದೇ ಇತ್ತು. ಮುರಿದ ಕೈ ಕಣ್ಣೆದುರಿಗೇ ಇದೆ, ಕಾಗದದಲ್ಲಿ ಮಾತ್ರ ಆ ಬೈಕಿನ ಹಿಂದೆ ಯಾರೂ ಕೂತೇ ಇರಲಿಲ್ಲ.

ಸರಿ, ಬೈಕಿನ ಸ್ವಂತ ವಿಮೆ ಇದೆಯಲ್ಲ ಅಂದುಕೊಂಡೆವು. ನಾನು ಸ್ವಲ್ಪ ಓದಿಕೊಂಡದ್ದು ಆಗಲೇ. ಬೈಕಿಗೆ ಇದ್ದದ್ದು ಬರೀ ಥರ್ಡ್ ಪಾರ್ಟಿ ಪಾಲಿಸಿ. ಎಷ್ಟೋ ಬೈಕ್‌ಗಳಿಗೆ ಇರುವುದು ಅದೇ. ದಾರಿಯಲ್ಲಿ ಹೋಗುವವರಿಗೆ ಬೈಕ್ ಗುದ್ದಿದರೆ ಅದು ಪರಿಹಾರ ಕೊಡುತ್ತದೆ. ಅದೇ ಬೈಕಿನ ಹಿಂದೆ ಕೂತವರಿಗೆ ಬರೀ ಈ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಪೂರ್ತಿ ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂದೆ ಕೂತವರಿಗೂ ರಕ್ಷಣೆ ಇದೆ. ಆದರೆ ಖಾಸಗಿ ಬೈಕಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಕಡೆ ಬರೆದಿರುತ್ತದೆ: ಬಾಡಿಗೆಗೆ ಓಡಿಸಿದರೆ ಇದು ಅನ್ವಯಿಸದು. ವಿಮಾ ಕಂಪನಿ ಮೊದಲು ಹಿಡಿಯುವುದು ಅದನ್ನೇ. ಪರ್ಮಿಟ್ ಇಲ್ಲದ ವಾಹನದ ಪ್ರಕರಣಗಳಲ್ಲಿ, ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ ಎಂದು ಕೋರ್ಟುಗಳು ವಿಮಾ ಕಂಪನಿಗೆ ಹೇಳಿದ್ದುಂಟು. ಆ ಮಾತು ಬರಬೇಕಾದರೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಕೇಸು ನಡೆಸಬೇಕು.

ಕೊನೆಗೆ ಉಳಿದದ್ದು ಆ ಹುಡುಗ. ಬೈಕ್ ಅವನ ಅಣ್ಣನ ಹೆಸರಿನಲ್ಲಿತ್ತು. ಕೇಸು ಹಾಕಿದರೆ ಹೊರೆ ಬೀಳುವುದು ಅವರಿಬ್ಬರ ತಲೆ ಮೇಲೆ. "ಅವನ ಹತ್ತಿರ ಏನಿದೆ ಅಂತ ಕೇಳಲಿ, ಬಿಡು" ಎಂದು ಸಹೋದ್ಯೋಗಿ ಸುಮ್ಮನಾದರು. ನನಗೆ ಸಿಟ್ಟು ಬಂದದ್ದು ಅಲ್ಲೇ. ಬುಕಿಂಗ್ ಮಾಡಿಸಿದ್ದು ಕಂಪನಿ, ಪಾಲು ಹಿಡಿದದ್ದು ಕಂಪನಿ. ನಷ್ಟದ ಲೆಕ್ಕ ಬಂದಾಗ ಮಾತ್ರ ಹಿಂದೆ ಕೂತವರು ಮತ್ತು ಓಡಿಸಿದವನು ಇಬ್ಬರೇ.

ಪರ್ಮಿಟ್ ವಿಷಯ ಸರ್ಕಾರಕ್ಕೂ ಆ್ಯಪ್‌ಗಳಿಗೂ ನಡೆಯುವ ಜಗಳ, ನಮಗೇನು ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಮಗೇ ಸಂಬಂಧಪಟ್ಟದ್ದು ಅದು. ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಬಾಡಿಗೆಗೆ ಜನರನ್ನು ಕೂರಿಸಲು ಪರ್ಮಿಟ್ ಬೇಕು. ಪರ್ಮಿಟ್ ಬೇಕೆಂದರೆ ವಾಹನ ಸಾರಿಗೆ ವಾಹನವಾಗಿ ನೋಂದಣಿ ಆಗಬೇಕು, ಅಂದರೆ ಹಳದಿ ಪ್ಲೇಟ್. ಒಮ್ಮೆ ಹಾಗೆ ಆಯಿತೋ, 147ನೇ ಸೆಕ್ಷನ್ ಕೆಲಸ ಮಾಡುತ್ತದೆ: ಸಾರಿಗೆ ವಾಹನದ ಕಡ್ಡಾಯ ವಿಮೆಯೊಳಗೆ ಪ್ರಯಾಣಿಕರೂ ಬರಲೇಬೇಕು. ಮಾಲೀಕರು ಇಷ್ಟಪಟ್ಟು ಮಾಡಿಸುವ ವಿಮೆ ಅಲ್ಲ ಅದು, ಕಾನೂನೇ ಹೇಳಿದ್ದು. ಆಟೋ ಹಿಂದಿನ ಸೀಟಿನಲ್ಲಿ ಕೂತವರಿಗೆ ಇರುವ ಈ ಹಕ್ಕು ಬಿಳಿ ಪ್ಲೇಟಿನ ಬೈಕಿನ ಹಿಂದೆ ಕೂತವರಿಗೆ ಇಲ್ಲ. ನನ್ನ ಮಟ್ಟಿಗೆ ಇಡೀ ಹೋಲಿಕೆ ತೀರ್ಮಾನ ಆಗುವುದು ಇಲ್ಲೇ.

ಬೈಕಿಗೂ ಹಾಗೆ ಪರ್ಮಿಟ್ ಕೊಡಬಾರದೇ? ಕೊಡಬಹುದು. 2021ರಲ್ಲಿ ನಮ್ಮ ಸರ್ಕಾರವೇ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ತಂದು, 2024ರ ಮಾರ್ಚ್‌ನಲ್ಲಿ ವಾಪಸ್ ತಗೊಂಡಿತು. 2025ರ ಜುಲೈನಲ್ಲಿ ಕೇಂದ್ರದ ಹೊಸ ಮಾರ್ಗಸೂಚಿ, ರಾಜ್ಯಗಳು ಒಪ್ಪಿದರೆ ಖಾಸಗಿ ಬೈಕ್‌ಗಳನ್ನೂ ಆ್ಯಪ್ ಮೂಲಕ ಬಳಸಬಹುದು ಎಂದಿತು. ಪ್ರಯಾಣಿಕರಿಗೆ ಕನಿಷ್ಠ 5 ಲಕ್ಷದ ವಿಮೆ ಇರಬೇಕೆಂಬ ಮಾತೂ ಅದರಲ್ಲಿದೆ. 2026ರ ಜನವರಿಯಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹಿಂದಿನ ಆದೇಶ ರದ್ದು ಮಾಡಿ, ಬೈಕ್ ಎನ್ನುವ ಒಂದೇ ಕಾರಣಕ್ಕೆ ಪರ್ಮಿಟ್ ನಿರಾಕರಿಸುವಂತಿಲ್ಲ ಎಂದಿತು. ಮರುದಿನ ಆಫೀಸಿನಲ್ಲಿ "ಬೈಕ್ ಟ್ಯಾಕ್ಸಿ ಲೀಗಲ್ ಆಯ್ತು" ಎಂದು ಖುಷಿಯೋ ಖುಷಿ. ಸ್ವಲ್ಪ ತಾಳಿ. ಅರ್ಜಿ ಹಾಕಿದವರಿಗೆ ಪರ್ಮಿಟ್ ಕೊಡಿ ಎನ್ನುವುದು ಬೇರೆ, ಪರ್ಮಿಟ್ ಇಲ್ಲದೇ ಓಡಿಸಿ ಎನ್ನುವುದು ಬೇರೆ. ನಿಮ್ಮ ಮುಂದೆ ಬಂದು ನಿಂತ ಬೈಕ್ ಯಾವ ಕಡೆಗೆ ಸೇರಿದ್ದು ಅಂತ ನೋಡಿಕೊಳ್ಳಬೇಕು.

ನೋಡುವುದು ಕಷ್ಟವೇನಲ್ಲ. ಪರ್ಮಿಟ್ ಇರುವುದು ಪೆಟ್ರೋಲ್ ಬೈಕ್ ಆದರೆ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ. ಎಲೆಕ್ಟ್ರಿಕ್ ಆದರೆ ಹಸಿರು ಪ್ಲೇಟ್, ಅಕ್ಷರ ಹಳದಿ. ಹಸಿರಿನ ಮೇಲೆ ಬಿಳಿ ಅಕ್ಷರ ಇದ್ದರೆ ಅದೂ ಖಾಸಗಿಯೇ, ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. mParivahan ಆ್ಯಪ್‌ನಲ್ಲಿ ನಂಬರ್ ಹಾಕಿದರೆ ವಾಹನದ ವರ್ಗ ಮತ್ತು ವಿಮೆ ಎಂದಿನ ತನಕ ಎನ್ನುವುದು ಕಾಣುತ್ತದೆ. ವರ್ಗದ ಮುಂದೆ 2WN ಎಂದಿದ್ದರೆ ಖಾಸಗಿ ಬೈಕ್. ಬುಕ್ ಮಾಡಿ ಕಾಯುವ ಹೊತ್ತಿನಲ್ಲೇ ಇದು ಮುಗಿಯುತ್ತದೆ.

ಈಗ ಆಟೋಗಳ ಕಡೆ ಬರೋಣ. ಕಮಿಷನ್ ಆ್ಯಪ್‌ನ ಆಟೋ ಬಿಟ್ಟದ್ದು ಅದರ ದರದ ಆಟಕ್ಕೆ. ಬುಕ್ ಮಾಡುವ ಮೊದಲೇ ಟಿಪ್ ಸೇರಿಸಿ ಅನ್ನುತ್ತದೆ, ಸೇರಿಸದಿದ್ದರೆ ಯಾರೂ ಬರುವುದಿಲ್ಲ. ಬಂದವರೂ ಫೋನ್ ಮಾಡಿ "ಎಲ್ಲಿಗೆ ಸಾರ್, ಕ್ಯಾಶಾ ಆನ್‌ಲೈನಾ?" ಎಂದು ಕೇಳಿ ಕ್ಯಾನ್ಸಲ್ ಮಾಡುತ್ತಾರೆ.

ನೇರ ದುಡ್ಡಿನ ಆ್ಯಪ್‌ನಲ್ಲಿ ಚಾಲಕರು ದಿನಕ್ಕಿಷ್ಟು ಎಂದು ಶುಲ್ಕ ಕಟ್ಟುತ್ತಾರೆ, ಪ್ರತಿ ಬಾಡಿಗೆಯಲ್ಲೂ ಪಾಲು ಹೋಗುವುದಿಲ್ಲ. ದರ ಸರ್ಕಾರದ ದರಕ್ಕೆ ಹತ್ತಿರ ಇರುತ್ತದೆ. ಹತ್ತು ರೂಪಾಯಿ ಜಾಸ್ತಿ ಕೇಳುವವರು ಇಲ್ಲೂ ಇದ್ದಾರೆ. ಮಳೆ ಬಂದರೆ ಇಪ್ಪತ್ತು. ಇದರ ನಿಜವಾದ ಕೊರತೆ ಬೇರೆ. ಏನಾದರೂ ಆದರೆ "ನಾವು ಬರೀ ತಂತ್ರಾಂಶ, ಒಪ್ಪಂದ ನಿಮ್ಮಿಬ್ಬರ ನಡುವೆ" ಎಂದು ಕೈ ತೊಳೆದುಕೊಳ್ಳಲು ಇಂಥ ಆ್ಯಪ್‌ಗಳಿಗೆ ಹೆಚ್ಚು ಸುಲಭ. ಆದರೂ ಆಟೋಗೆ ಪರ್ಮಿಟ್ ಇದೆ, ಓಡಲು ಯೋಗ್ಯ ಎನ್ನುವ ಎಫ್‌ಸಿ ಇದೆ, ಪ್ರಯಾಣಿಕರನ್ನು ಸೇರಿಸಿದ ವಿಮೆ ಇದೆ. ಆ್ಯಪ್ ಕೈ ಬಿಟ್ಟರೂ ವಾಹನ ಕೈ ಬಿಡುವುದಿಲ್ಲ.

ದರ, ಕ್ಯಾನ್ಸಲ್ ಶುಲ್ಕದಂಥ ತಕರಾರಿಗೆ 1915 ಗ್ರಾಹಕ ಸಹಾಯವಾಣಿ ಇದೆ. ಅಪಘಾತಕ್ಕೆ ಅದು ಸಾಲದು. ಬೈಕೋ ಆಟೋವೋ, ಬಿದ್ದರೆ ಮೊದಲು 112ಕ್ಕೆ ಫೋನ್ ಮಾಡಿ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ನಗದು ಇಲ್ಲದ ಚಿಕಿತ್ಸೆ ಇದೆ. ಪ್ಲೇಟಿನ ಬಣ್ಣ ಇದಕ್ಕೆ ಅಡ್ಡ ಬರುವುದಿಲ್ಲ, ಆದರೆ ಅಪಘಾತ ಆಗಿದ್ದನ್ನು ಪೊಲೀಸರು ಖಚಿತಪಡಿಸಬೇಕು. ನಮ್ಮ ಸಹೋದ್ಯೋಗಿ ಪೊಲೀಸರ ತನಕ ಹೋಗಲೇ ಇಲ್ಲ, ಹುಡುಗನಿಗೆ ತೊಂದರೆ ಆಗುತ್ತದೆ ಎಂದು. ಬುಕಿಂಗ್ ಪುಟದ ಸ್ಕ್ರೀನ್‌ಶಾಟ್ ಅನ್ನೂ ಅವತ್ತೇ ತೆಗೆದಿಟ್ಟುಕೊಳ್ಳಿ.

ನನ್ನ ಲೆಕ್ಕದಲ್ಲಿ ಎರಡೂ ಹೊತ್ತು ಒಬ್ಬರೇ ಆಟೋ ಹಿಡಿದರೆ ತಿಂಗಳಿಗೆ ಸುಮಾರು ಸಾವಿರದ ಮುನ್ನೂರು ಜಾಸ್ತಿ ಹೋಗುತ್ತದೆ. ಮನೆಯಲ್ಲಿ ಸಂಬಳ ಬರುವುದು ನನ್ನೊಬ್ಬರದೇ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಇನ್ನೊಬ್ಬರು ಹಾಕಿ ಬೆವರಿದ ಹೆಲ್ಮೆಟ್ ನನಗೆ ಆಗುವುದಿಲ್ಲ. ಹಾಗಾಗಿ ಕೊಡುತ್ತೇನೆ. ಬೆಳಿಗ್ಗೆ ಅದೇ ಮೆಟ್ರೋದಲ್ಲಿ ಇಳಿಯುವ ಇಬ್ಬರನ್ನು ಜೊತೆ ಮಾಡಿಕೊಂಡಿದ್ದೇನೆ, ಆಟೋದಲ್ಲಿ ಮೂವರು ಕೂರಬಹುದು. ಆಗ ತಲೆಗೆ ಬೀಳುವುದು 24 ರೂಪಾಯಿ, ಬೈಕಿಗಿಂತ ಕಡಿಮೆ. ಕಾಲೇಜು ಹುಡುಗರು, ಒಂಟಿಯಾಗಿ ಓಡಾಡುವವರು, ನಲವತ್ತೇ ಜಾಸ್ತಿ ಅನ್ನುವವರು ಬೈಕ್ ಬಿಡಿ ಎಂದರೆ ಬಿಡುವುದಿಲ್ಲ, ಬಿಡಲೂ ಆಗುವುದಿಲ್ಲ. ಅವರು ಬುಕ್ ಮಾಡುವಾಗ ಪಾರ್ಸೆಲ್ ಬಟನ್ ಒತ್ತದಿದ್ದರೆ ಸಾಕು.